ಮಾಡೋಣ ಎಂದರೆ ಯಾರು?

ಯಾಮಿನಿಗೆ ಮನೆಯಿಂದ ಹೊರಟ ಮೇಲೆ ಒಮ್ಮೆ ವಾಪಸ್ ಬಂದು ಒಲೆ ಆರಿದೆಯೋ ಇಲ್ಲವೋ ನೋಡದಿದ್ದರೆ ಸಮಾಧಾನವಿಲ್ಲ. ಮಗಳು ಪೂಜಿತಾ ನರ್ಸರಿಯಲ್ಲಿ ಕೆಮ್ಮಿದಳೆಂದು ಫೋನ್ ಬಂದರೆ ಎದೆ ಹಾರುತ್ತದೆ, ಫೋನ್ ಬಾರದಿದ್ದರೂ ಹಾರುತ್ತದೆ. ಮೈಸೂರಿನಲ್ಲಿ ಬಿ.ಕಾಂ. ಮುಗಿಸಿ, ಗಂಡ ಗೌರವ್‌ನ ಹಿಂದೆ ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡ್‌ಗೆ ಬಂದವಳು. ಮೊದಲು ಜಿಪಿ ಸರ್ಜರಿ ಎಂದು ಅಲ್ಲಿ ಕರೆಯುವ ಕುಟುಂಬ ವೈದ್ಯರ ಕ್ಲಿನಿಕ್ಕೊಂದರಲ್ಲಿ ರಿಸೆಪ್ಷನ್, ಆಮೇಲೆ ಅಲ್ಲೇ ಅಡ್ಮಿನ್. ಅತಿಯಾಗಿ ಯೋಚಿಸುವ ಈ ಗುಣವೇ ಅಲ್ಲಿ ಅವಳಿಗೆ ಅನ್ನ ಕೊಡುತ್ತಿತ್ತು. ಮೀಟಿಂಗ್ ಮುಗಿದ ದಿನವೇ, ಯಾರು ಏನು ಮಾಡಬೇಕೆಂದು ಎಲ್ಲರಿಗೂ ಇಮೇಲ್ ಕಳಿಸುವ ಕೆಲಸ ಅವಳದು.

ಆ ಸರ್ಜರಿಯ ಪಾಲುದಾರ ವೈದ್ಯರಲ್ಲಿ ಒಬ್ಬರು ದಿವಾಕರ. ಊರಿನಲ್ಲಿ ಕನ್ನಡದವರ ಹಬ್ಬವೆಂದರೆ ಅವರ ಮನೆಯ ಊಟವೇ. ಮೀಟಿಂಗಿನಲ್ಲಿ ಉಳಿದವರಿಗೆ ಕೇಳಿಸಬಾರದ್ದನ್ನು ಪಕ್ಕಕ್ಕೆ ಬಾಗಿ ಯಾಮಿನಿಯ ಹತ್ತಿರ ಕನ್ನಡದಲ್ಲಿ ಹೇಳುವುದು ಅವರ ರೂಢಿ. ಯಾವ ಕೆಲಸ ಬಂದರೂ ಅವರದು ಒಂದೇ ಮಾತು, "ಮಾಡೋಣ ಬಿಡಮ್ಮ." ಇಮೇಲ್ ಬಂದರೆ ಓದದೆಯೇ ಎಲ್ಲರಿಗೂ ಒಂದು ಸಾಲಿನ ಉತ್ತರ, ನೋಟೆಡ್, ಥ್ಯಾಂಕ್ಸ್.

ಕಳೆದ ಚಳಿಗಾಲದಲ್ಲಿ ಲಸಿಕೆ ಇಡುವ ಫ್ರಿಜ್‌ನ ಸರ್ವಿಸ್ ಮಾಡಿಸಬೇಕೆಂಬ ಮಾತು ಬಂತು. ಕಂಪನಿಯವರು ಪರಿಚಯದವರೇ ಎಂದ ದಿವಾಕರ ಆಕೆಯ ಕಡೆ ಬಾಗಿ ಮಾಡೋಣ ಬಿಡಮ್ಮ ಎಂದರು. ಯಾಮಿನಿ ಅದನ್ನು 'ನಾವು ಮಾಡುತ್ತೇವೆ' ಎಂದೇ ಇಂಗ್ಲಿಷಿಗೆ ತಿರುಗಿಸಿದಳು. ಇಮೇಲಿನಲ್ಲಿ ಆ ಕೆಲಸದ ಮುಂದೆ 'ಪ್ರಾಕ್ಟೀಸ್ ಟೀಮ್', ಅಂದರೆ ಕ್ಲಿನಿಕ್ಕಿನವರೆಲ್ಲ, ಎಂದು ಬರೆದಳು, ತಾರೀಖು ಹಾಕಲಿಲ್ಲ. ಡಾಕ್ಟರರಿಗೆ ಗಡುವು ಹಾಕುವುದು ಅಗೌರವವೆಂದು ಆಗ ಅವಳಿಗೆ ಅನಿಸಿತ್ತು.

ಫ್ರಿಜ್ ಕೆಟ್ಟಿತು. ಉಷ್ಣಾಂಶ ಮಿತಿ ದಾಟಿ ಒಳಗಿದ್ದ ಲಸಿಕೆಯನ್ನೆಲ್ಲ ಎಸೆಯಬೇಕಾಯಿತು. ಫ್ಲೂ ಚುಚ್ಚುಮದ್ದಿಗೆ ಬಂದ ಮುದುಕರನ್ನು ವಾಪಸ್ ಕಳಿಸಿದ್ದೂ ಯಾಮಿನಿಯೇ. ವಿಚಾರಣೆಯಲ್ಲಿ ಟೀಮ್ ಎಂದರೆ ಯಾರು ಎಂದು ಕೇಳಿದಾಗ ದಿವಾಕರ ಕನ್ನಡಕ ಒರೆಸುತ್ತ, ಸಾಮಾನ್ಯವಾಗಿ ಇಂಥದ್ದನ್ನೆಲ್ಲ ಯಾಮಿನಿ ನೋಡಿಕೊಳ್ಳುತ್ತಾಳೆ ಎಂದುಬಿಟ್ಟರು. ಅವಳ ಫೈಲಿಗೆ ಲಿಖಿತ ಎಚ್ಚರಿಕೆ ಬಿತ್ತು. ಅದು ಅಲ್ಲಿರುವ ತನಕ ಅವಳು ಡೆಪ್ಯುಟಿ ಮ್ಯಾನೇಜರ್ ಹುದ್ದೆಗೆ ಅರ್ಜಿ ಹಾಕುವಂತಿರಲಿಲ್ಲ. ಮರುದಿನ ಕಾರ್ ಪಾರ್ಕಿನಲ್ಲಿ ಅವರು ಆಕೆಯನ್ನು ನಿಲ್ಲಿಸಿ, "ಬೇಜಾರು ಮಾಡ್ಕೋಬೇಡಮ್ಮ. ನೀನಾದ್ರೆ ಒಂದು ಕಾಗದಕ್ಕೆ ಮುಗೀತು. ನನ್ನ ಹೆಸರು ಬಂದಿದ್ರೆ ಎಷ್ಟು ದೂರ ಹೋಗ್ತಿತ್ತು ಗೊತ್ತಾ?" ಎಂದರು. ಅವರು ಸಮಾಧಾನ ಮಾಡಲೆಂದೇ ಹೇಳಿದ್ದರು.

ಯಾಮಿನಿ ಜಗಳವಾಡಲಿಲ್ಲ. ಇಮೇಲಿನ ರೂಪ ಬದಲಿಸಿದಳು. ಮೇಲೆ ಮೀಟಿಂಗಿನ ದಿನ, ಬಂದವರ ಹೆಸರು. ಅದರ ಕೆಳಗೆ ಆದ ತೀರ್ಮಾನಗಳು, ಬರೀ ತೀರ್ಮಾನಗಳು, ಅದರಲ್ಲಿ ಚರ್ಚೆ ಇಲ್ಲ. ಆಮೇಲೆ ಒಂದು ಪಟ್ಟಿ: ಕೆಲಸ ಏನು, ಯಾರದು, ಎಂದಿನೊಳಗೆ. ಒಂದು ಕೆಲಸಕ್ಕೆ ಒಂದೇ ಹೆಸರು, ಇಬ್ಬರ ಹೆಸರಾಗಲಿ ಟೀಮ್ ಎಂಬ ಮಾತಾಗಲಿ ಕೂಡದು. ಕೊನೆಗೆ ಎರಡು ಸಾಲು: ತಪ್ಪಿದ್ದರೆ ಗುರುವಾರ ಸಂಜೆಯೊಳಗೆ ತಿಳಿಸಿ, ಇಲ್ಲದಿದ್ದರೆ ಒಪ್ಪಿಗೆಯಾಗಿದೆಯೆಂದು ತಿಳಿಯಲಾಗುವುದು. ತಮ್ಮ ತಮ್ಮ ಗಡುವನ್ನು ಆಯಾ ಹೆಸರಿನವರೇ ನೆನಪಿಟ್ಟುಕೊಳ್ಳಬೇಕು, ಬೇರೆ ನೆನಪೋಲೆ ಬರುವುದಿಲ್ಲ. ಮ್ಯಾನೇಜರ್ ಹೆಲೆನ್‌ಗೆ ಇದು ಬಹಳ ಹಿಡಿಸಿತು. ದಿವಾಕರ ಎಂದಿನಂತೆ ನೋಟೆಡ್ ಎಂದರು.

ಬೇಸಿಗೆಯಲ್ಲಿ ಟೆಲಿಫೋನ್ ಕಂಪನಿಯ ವಿಷಯ ಬಂತು. ರೋಗಿಗಳು ಬೆಳಗ್ಗೆ ಲೈನಿಗಾಗಿ ಕಾದು ಕಾದು ಬೈಯುತ್ತಿದ್ದರು. ಕಂಪನಿ ಬದಲಿಸಬೇಕೆಂದು ಎಲ್ಲರೂ ಒಪ್ಪಿದರು. ಆದರೆ ಸೆಪ್ಟೆಂಬರ್ ಹನ್ನೆರಡರೊಳಗೆ ಪಾಲುದಾರರಲ್ಲೊಬ್ಬರು ಲಿಖಿತ ನೋಟಿಸ್ ಕೊಡದಿದ್ದರೆ ಹಳೆಯ ಒಪ್ಪಂದ ತಾನಾಗಿಯೇ ಮೂರು ವರ್ಷ ಮುಂದುವರಿಯುತ್ತದೆ. ಯಾರು ಕೊಡುತ್ತೀರಿ ಎಂದು ಹೆಲೆನ್ ಕೇಳಿದಳು. ದಿವಾಕರ ಪಕ್ಕಕ್ಕೆ ಬಾಗಿದರು.

"ಮಾಡೋಣ ಬಿಡಮ್ಮ."

ಯಾಮಿನಿ ಕೀಬೋರ್ಡಿನಿಂದ ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ ಸ್ವಚ್ಛ ಇಂಗ್ಲಿಷಿನಲ್ಲಿ, ಡಾಕ್ಟರ್ ದಿವಾಕರ ತಾವೇ ಮಾಡುತ್ತಾರಂತೆ ಎಂದಳು. ದಿವಾಕರ ಅರೆಕ್ಷಣ ಅವಳನ್ನು ನೋಡಿದರು. ಅಲ್ಲ ಎನ್ನಬೇಕೆಂದರೆ ತಾವು ನಿಜವಾಗಿ ಏನು ಹೇಳಿದ್ದೆಂದು ಬಿಡಿಸಿ ಹೇಳಬೇಕಿತ್ತು. ಅವರು ನಕ್ಕು ತಲೆಯಾಡಿಸಿದರು.

ಆ ಸಂಜೆಯೇ ಇಮೇಲ್ ಹೋಯಿತು. ಟೆಲಿಫೋನ್ ಒಪ್ಪಂದಕ್ಕೆ ನೋಟಿಸ್, ಡಾಕ್ಟರ್ ದಿವಾಕರ, ಸೆಪ್ಟೆಂಬರ್ ಹನ್ನೆರಡು. ಗುರುವಾರ ಕಳೆಯಿತು, ಅವರಿಂದ ಬಂದದ್ದು ಅದೇ ಒಂದು ಸಾಲು.

ಆಮೇಲಿನ ವಾರಗಳಲ್ಲಿ ಯಾಮಿನಿಗೆ ಊಟ ಸೇರಲಿಲ್ಲ. ನೆನಪಿಸಿಬಿಡಲೇ ಎಂದು ಒಮ್ಮೆ, ನನಗೆ ಯಾರು ನೆನಪಿಸಿದ್ದರು ಎಂದು ಇನ್ನೊಮ್ಮೆ. ಫೋನ್ ಸರಿಹೋಗದೆ ರೋಗಿಗಳು ಪಡುವ ಪಾಡೂ ಕಣ್ಣಮುಂದೆ ಬರುತ್ತಿತ್ತು. ಗೌರವ್ ಹತ್ತಿರ ಹೇಳಿಕೊಂಡಾಗ ಅವನು, ನೀನು ಬರೆದು ಕಳಿಸಿದ್ದೀಯಲ್ಲ, ಸಾಕು ಎಂದ. ಅಷ್ಟೇ ಅಲ್ಲವೆಂದು ಅವಳಿಗೆ ಗೊತ್ತಿತ್ತು. ಗಡುವಿನ ಹಿಂದಿನ ದಿನ ಸರ್ಜರಿಯ ಅಡುಗೆಕೋಣೆಯಲ್ಲಿ ದಿವಾಕರ ಕಾಫಿ ಕಲಕುತ್ತ, ಪೂಜಿತಾ ಸ್ಕೂಲಿಗೆ ಹೊಂದಿಕೊಂಡಳೇ ಎಂದು ವಿಚಾರಿಸಿದರು. ಒಂದು ಮಾತು ಸಾಕಿತ್ತು. ಚೆನ್ನಾಗಿದ್ದಾಳೆ ಡಾಕ್ಟ್ರೇ ಎಂದಷ್ಟೇ ಹೇಳಿ ಕಪ್ ತೊಳೆದಿಟ್ಟು ಬಂದಳು.

ಅಕ್ಟೋಬರಿನ ಮೀಟಿಂಗಿಗೆ ಮುಂಚೆ ಕಂಪನಿಯ ಪತ್ರ ಬಂತು. ನೋಟಿಸ್ ತಲುಪಿಲ್ಲ, ಒಪ್ಪಂದ ಮೂರು ವರ್ಷ ಮುಂದುವರಿದಿದೆ. ಮೀಟಿಂಗಿನಲ್ಲಿ ಪಾಲುದಾರರು ಹೌಹಾರಿದರು. ದಿವಾಕರ ಕನ್ನಡಕ ತೆಗೆದು, ಇಂಥದ್ದನ್ನೆಲ್ಲ ಸಾಮಾನ್ಯವಾಗಿ ಯಾಮಿನಿ, ಎಂದು ಶುರುಮಾಡಿದರು. ಹೆಲೆನ್ ಆ ಇಮೇಲನ್ನು ದೊಡ್ಡ ಪರದೆಯ ಮೇಲೆ ತೆರೆದಳು. ಸಾಲಿನಲ್ಲಿ ಅವರ ಹೆಸರು, ತಾರೀಖು, ಕೆಳಗೆ ಅವರದೇ ಉತ್ತರ.

ದಿವಾಕರ ಪಕ್ಕಕ್ಕೆ ಬಾಗಿದರು. ಈ ಸಲ ದನಿ ಗಡುಸಾಗಿತ್ತು. "ನಾನು ಮಾಡೋಣ ಅಂದಿದ್ದಮ್ಮ. ಮಾಡ್ತೀನಿ ಅಂದಿರ್ಲಿಲ್ಲ."

"ಫ್ರಿಜ್ಜಿಗೂ ಮಾಡೋಣ ಅಂತ್ಲೇ ಅಂದಿದ್ರಿ ಡಾಕ್ಟ್ರೇ. ಆಗ ಅದರರ್ಥ ನಾನು ಅಂತ ಆಯ್ತು. ಈ ಸಲ ನೀವು ಅಂತ ಆಗ್ಲಿ."

ಏನು ಹೇಳಿದಿರಿ ಎಂದು ಹೆಲೆನ್ ಕೇಳಿದಳು. ಯಾಮಿನಿ ಇಬ್ಬರ ಮಾತನ್ನೂ, ಫ್ರಿಜ್ಜಿನ ಕತೆಯನ್ನೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಬೇಸಿಗೆಯಲ್ಲಿ 'ತಾವೇ' ಎಂಬುದನ್ನು ತಾನು ಬೇಕೆಂದೇ ಸೇರಿಸಿದ್ದನ್ನೂ ಮುಚ್ಚಿಡಲಿಲ್ಲ. ಆಗಲೇ ಸರಿಪಡಿಸಬಹುದಿತ್ತಲ್ಲ ಎಂದು ಹಿರಿಯ ಪಾಲುದಾರರು ಕೇಳಿದ್ದು ದಿವಾಕರರನ್ನು. ಅವಳ ಫೈಲಿನ ಎಚ್ಚರಿಕೆಯನ್ನು ಹಿಂತೆಗೆದುಕೊಳ್ಳಬೇಕು, ಅದರ ಕಾರಣವನ್ನು ದಿವಾಕರರೇ ಬರೆದುಕೊಡಬೇಕು ಎಂದು ತೀರ್ಮಾನವಾಯಿತು. ಆದಷ್ಟು ಬೇಗ ಕೊಡುತ್ತೇನೆಂದು ಅವರು ಗೊಣಗಿದರು.

"ತಾರೀಖು ಹೇಳಿ ಡಾಕ್ಟ್ರೇ, ಬರ್ಕೋಬೇಕು," ಎಂದಳು ಯಾಮಿನಿ.

ಶುಕ್ರವಾರ ಎಂದರು. ಬರೆದುಕೊಂಡಳು. ಆ ಸಂಜೆ ಅವರು ಅವಳ ಮೇಜಿನ ಬಳಿ ಬಂದು, ಇಮೇಲಿನ ಆ ಸಾಲಿನಲ್ಲಿ ತಮ್ಮ ಹೆಸರಿನ ಬದಲು 'ಪಾಲುದಾರರು' ಎಂದು ಹಾಕಬಹುದೇ ಎಂದು ಕೇಳಿದರು. ಒಂದು ಕೆಲಸಕ್ಕೆ ಒಂದೇ ಹೆಸರು ಎಂದು ಮೃದುವಾಗಿಯೇ ಹೇಳಿ, ಅವರು ನಿಂತಿರುವಂತೆಯೇ ಅವಳು ಕಳಿಸುವ ಗುಂಡಿ ಒತ್ತಿದಳು.

ಶುಕ್ರವಾರ ಮಧ್ಯಾಹ್ನ ಕಾಗದ ಬಂತು, ಎಚ್ಚರಿಕೆ ಫೈಲಿನಿಂದ ಹೋಯಿತು. ಸೋಮವಾರ ಯಾಮಿನಿ ಡೆಪ್ಯುಟಿ ಹುದ್ದೆಗೆ ಅರ್ಜಿ ಹಾಕಿದಳು. ದೀಪಾವಳಿಗೆ ದಿವಾಕರರ ಹೆಂಡತಿ ಚಂದ್ರಪ್ರಭಾ ಊರಿನ ಕನ್ನಡದವರನ್ನೆಲ್ಲ ಊಟಕ್ಕೆ ಕರೆದರು, ಯಾಮಿನಿಯ ಮನೆಯವರನ್ನು ಬಿಟ್ಟು. ಆ ಮಧ್ಯಾಹ್ನ ಯಾಮಿನಿ ಬೇಳೆ ಬೇಯಿಸಿ ಹೂರಣ ರುಬ್ಬಿ ಹೋಳಿಗೆ ತಟ್ಟಿದಳು. ಬಿಸಿಯಾಗಿದ್ದಾಗಲೇ ತುಪ್ಪ ಸುರಿದುಕೊಂಡು, ಮಗಳಿಗೂ ಗಂಡನಿಗೂ ಬಡಿಸುವ ಮೊದಲು, ನಿಂತಲ್ಲೇ ಎರಡು ತಿಂದಳು.