ಚಪ್ಪಲಿಯ ಜಾಹೀರಾತಿಗೆ ಸೇರಿಸಿದ ಆರನೆಯ ಫೋಟೋ

ಅಥಣಿಗೆ ಕೇಬಲ್ ಟಿವಿ ಬಂದ ಹೊಸದರಲ್ಲಿ ನನಗೆ ಸ್ವಲ್ಪ ಕೊಬ್ಬು ಬಂದಿತ್ತು. ಮದುವೆಯ ಫೋಟೋ, ವಿಡಿಯೋ ತೆಗೆಯುವ ಸ್ಟುಡಿಯೋ ನನ್ನದು. ಕೇಬಲ್‌ನವನು ದಿನಾ ಸಂಜೆ ಸಿನಿಮಾ ಹಾಕುತ್ತಿದ್ದ, ಅದರ ನಡುವೆ ಊರಿನ ಅಂಗಡಿಗಳ ಜಾಹೀರಾತು ಬರುತ್ತಿದ್ದವು. ಅವನ್ನೆಲ್ಲ ಮಾಡಿಕೊಡುತ್ತಿದ್ದವನು ನಾನು. ತೀರಿಕೊಂಡವರ ಶ್ರದ್ಧಾಂಜಲಿಯೂ ನನ್ನ ಕೈಯಿಂದಲೇ ಹೋಗಬೇಕು. ಒಂದು ಫೋಟೋ, ಕೆಳಗೆ ಓಡುವ ಅಕ್ಷರ, ಹಿಂದೆ ಕೊಳಲು, ಅಷ್ಟೇ.

ಚಪ್ಪಲಿ ಹೊಲಿಯುವ ಕಾಕಾ ನನ್ನ ಬಳಿ ಬಂದದ್ದು ಮದುವೆ ಸುಗ್ಗಿಯಲ್ಲಿ. ಅವರ ಚಪ್ಪಲಿಯ ಹೆಸರು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅಂಗಾಲಿಗೆ ಗಟ್ಟಿ ತೊಗಲು, ಮೇಲೆ ಸಣ್ಣ ಹೆಣಿಕೆ, ನಡೆದರೆ ಕರ್ರ್ ಕರ್ರ್ ಎಂಬ ಸಪ್ಪಳ. ಆದರೆ ಒಬ್ಬ ವ್ಯಾಪಾರಿ ಬಂದು ಎಲ್ಲವನ್ನೂ ಗಂಟು ಕಟ್ಟಿ ಕೊಲ್ಹಾಪುರಕ್ಕೆ ಒಯ್ದು ತನ್ನ ಮುದ್ರೆ ಒತ್ತಿ ಮಾರುತ್ತಿದ್ದ. ತನ್ನ ತಾಲ್ಲೂಕಿನ ಜನ ತನ್ನ ಮನೆಗೇ ಬಂದು, ತನ್ನೆದುರೇ ಕಾಲಿಗೆ ಹಾಕಿ ನೋಡಿ ಒಯ್ಯಬೇಕು ಎನ್ನುವುದು ಕಾಕಾನ ಆಸೆ. ಒಂದು ಸುಗ್ಗಿ ಹಾಗೆ ನಡೆದರೆ ಸಾಕು, ವ್ಯಾಪಾರಿಯ ಹಂಗು ಹರಿಯುತ್ತದೆ ಎಂದು ಲೆಕ್ಕ ಹಾಕಿದ್ದರು.

ನನ್ನ ಹತ್ತಿರ ಇದ್ದದ್ದು ಎರಡು ವಿಡಿಯೋ ಕ್ಯಾಮೆರಾ. ಎರಡೂ ಮದುವೆಗಳಿಗೆ ಹೋಗಿದ್ದವು. ಹಾಗಾಗಿ ಅವರ ಮನೆಗೆ ಹೋಗಿ ಐದು ಜೋಡು ಚಪ್ಪಲಿಯ ಫೋಟೋ ಮಾತ್ರ ತೆಗೆದುಕೊಂಡು ಬಂದೆ. ಕ್ಯಾಮೆರಾ ತಿರುಗಿ ಬರುವಷ್ಟರಲ್ಲಿ ವ್ಯಾಪಾರಿ ಆ ಚಪ್ಪಲಿಗಳನ್ನು ಒಯ್ದುಬಿಟ್ಟಿದ್ದ. ಕಾಕಾ ಕೈ ಹಿಚುಕಿಕೊಂಡು ಬಂದು ನಿಂತರು. ಚಪ್ಪಲಿ ನಡೆಯುವುದನ್ನೂ ತೋರಿಸದೆ, ಸಪ್ಪಳವನ್ನೂ ಕೇಳಿಸದೆ ಜಾಹೀರಾತು ಹೇಗೆ ಎಂದು ಅವರ ಚಿಂತೆ. ಮನೆಗೆ ಹೋಗಿ ಅವರು ಹೊಲಿಯುವುದನ್ನಾದರೂ ತೆಗೆಯಬಹುದಿತ್ತು. ಮದುವೆ ಮನೆಗಳಲ್ಲಿ ನಿಂತು ನಿಂತು ಸೋತಿದ್ದೆ, ಆಲಸ್ಯ ಮಾಡಿದೆ. ಫೋಟೋದಿಂದಲೇ ಎಲ್ಲ ಓಡಾಡುವಂತೆ ಮಾಡುತ್ತೇನೆ ನೋಡಿರಿ ಎಂದು ಜಂಬ ಕೊಚ್ಚಿದೆ.

ತಮ್ಮ ಮುಖ ಮಾತ್ರ ತೋರಿಸಬಾರದೆಂದು ಕಾಕಾ ಕೇಳಿಕೊಂಡರು. "ನನ್ನ ಮಾರಿ ಹಾಕಬ್ಯಾಡ್ರಿ ತಮ್ಮಾ. ಚಪ್ಪಲ್ ತೋರ್ಸ್ರಿ, ಸಾಕು."

ಕೆಲಸ ನಾನು ಶ್ರದ್ಧೆಯಿಂದಲೇ ಮಾಡಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಕಪ್ಪು ಬಟ್ಟೆ ಬಿಗಿದ ಹಲಗೆಗೆ ಫೋಟೋ ಸಿಕ್ಕಿಸಿ, ಹೊಳಪು ಹೊಡೆಯಬಾರದೆಂದು ಎರಡೂ ಬದಿಯಿಂದ ಓರೆಯಾಗಿ ಲೈಟು ಬಿಟ್ಟೆ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಒಂದು ಫೋಟೋಕ್ಕೆ ಹೆಣಿಕೆಯಿಂದ ಹಿಂದೆ ಸರಿಯುತ್ತ ಪೂರ್ತಿ ಜೋಡು ತೋರಿಸಿದೆ. ಇನ್ನೊಂದಕ್ಕೆ ಹಲಗೆಯನ್ನೇ ಮೆಲ್ಲಗೆ ಎಡಕ್ಕೆ ಜರುಗಿಸಿದೆ, ನೋಡುವವರಿಗೆ ಚಪ್ಪಲಿಯೇ ಸರಿದಂತೆ ಕಾಣಬೇಕು. ಒಂದೊಂದಕ್ಕೆ ಐದೈದು ಸೆಕೆಂಡು. ನನ್ನ ಟೈಟಲ್ ಮಷಿನ್ನಿಗೆ ಕನ್ನಡ ಬರುತ್ತಿರಲಿಲ್ಲ. ಅದಕ್ಕೆ ಬೋರ್ಡು ಬರೆಯುವವನಿಂದ ಉದ್ದನೆಯ ಕಪ್ಪು ಕಾಗದದ ಪಟ್ಟಿಯ ಮೇಲೆ ಬಿಳಿ ಅಕ್ಷರ ಬರೆಸಿ, ಎರಡು ಉರುಳೆಗಳಿಗೆ ಸುತ್ತಿ, ಕೈಯಿಂದ ತಿರುಗಿಸುತ್ತಿದ್ದೆ. ಒಂದು ಕಡೆ ಫೋಟೋದ ಟೇಪು ಓಡುತ್ತಿರುತ್ತದೆ, ಇನ್ನೊಂದು ಕಡೆ ಕ್ಯಾಮೆರಾ ಈ ಪಟ್ಟಿಯನ್ನು ನೋಡುತ್ತಿರುತ್ತದೆ. ಎರಡು ಚಿತ್ರ ಬೆರೆಸುವ ಮಿಕ್ಸರ್ ಕಪ್ಪನ್ನು ಬಿಟ್ಟು ಬಿಳಿಯನ್ನಷ್ಟೇ ಫೋಟೋದ ಮೇಲೆ ಕೂಡಿಸುತ್ತದೆ. ಎರಡೂ ಸೇರಿ ಇನ್ನೊಂದು ಟೇಪಿಗೆ ಇಳಿಯುತ್ತವೆ. ಟಿವಿಯಲ್ಲಿ ಅಕ್ಷರಗಳು ಕೆಳಗೆ ಸಾಲಾಗಿ ಹೋಗುವುದನ್ನು ಕಂಡವರು ಇದೇನೋ ದೊಡ್ಡ ಯಂತ್ರದ ಕೆಲಸ ಅಂದುಕೊಳ್ಳುತ್ತಿದ್ದರು.

ತೊಡಕು ಬಂದದ್ದು ಕೊನೆಗೆ. ಐದು ಫೋಟೋ ಮುಗಿದರೂ ಪಟ್ಟಿ ಮುಗಿದಿರಲಿಲ್ಲ. ಕಾಕಾನ ಮನೆಯ ಗುರುತು ಬರೆದದ್ದೇ ಆ ಕೊನೆಯ ಭಾಗದಲ್ಲಿ. ಬೇಗ ತಿರುಗಿಸಿದರೆ ಓದಲು ಬರುವುದಿಲ್ಲ. ಇನ್ನೂ ಹತ್ತು ಸೆಕೆಂಡು ಬೇಕು. ಮೊದಲ ಫೋಟೋವನ್ನೇ ಮತ್ತೆ ತೋರಿಸಿದ್ದರೆ ಆಗುತ್ತಿತ್ತು. ಅದು ನನಗೆ ಹಳಸಿದ ಸಾರು ಬಡಿಸಿದಂತೆ ಅನ್ನಿಸಿತು. ಹಿಂದೆ ಕಾಕಾ ಬ್ಯಾಂಕಿಗೆಂದು ತೆಗೆಸಿಕೊಂಡಿದ್ದ ಪಾಸ್‌ಪೋರ್ಟ್ ಫೋಟೋದ ನೆಗೆಟಿವ್ ಸ್ಟುಡಿಯೋದಲ್ಲೇ ಇತ್ತು. ತಲೆಗೆ ಟೋಪಿ, ನೇರ ನೋಟ, ಕಪ್ಪುಬಿಳುಪು. ದೊಡ್ಡದಾಗಿ ಪ್ರಿಂಟು ಹಾಕಿ ಹಲಗೆಗೆ ಸಿಕ್ಕಿಸಿದೆ. ಮುಖದ ಕಡೆಗೆ ಮೆಲ್ಲಗೆ, ಮೆಲ್ಲಗೆ ಹೋದೆ. ಹಿಂದೆ ಕೊಳಲು ಹಾಕಿದೆ. ಚೆನ್ನಾಗಿ ಬಂದಿತ್ತು. ಒಂದು ಟೇಪಿನಿಂದ ಇನ್ನೊಂದಕ್ಕೆ ಇಳಿಸುವಾಗ ಚಿತ್ರ ಸ್ವಲ್ಪ ಮಾಸುತ್ತದೆ, ಅವರ ಮುಖವೂ ಬೂದಿ ಬೂದಿಯಾಯಿತು. ಅದನ್ನೂ ನಾನು ಗಾಂಭೀರ್ಯ ಅಂದುಕೊಂಡೆ.

ಒಂದು ತಾಲ್ಲೂಕಿಗೆಲ್ಲ ಶ್ರದ್ಧಾಂಜಲಿ ಮಾಡಿಕೊಟ್ಟ ಕೈಗೆ ಅದು ಹೊಳೆಯಬಾರದೇ? ಹೊಳೆಯಲಿಲ್ಲ.

ಸಂಜೆ ಜಾಹೀರಾತು ಹೋಯಿತು. ಮರುದಿನ ಬೆಳಿಗ್ಗೆ ಕಾಕಾನ ಮನೆಯ ಮುಂದೆ ಜನ ಸೇರಿದ್ದಾರೆ ಎಂದು ಕೇಳಿ ಹಿಗ್ಗಿನಿಂದ ಹೋದೆ. ಬಂದವರ ಕೈಯಲ್ಲಿ ಹೂವಿನ ಹಾರ ಇದ್ದವು. ಅಕ್ಷರ ಓದುವವರು ಎಷ್ಟು ಜನ? ಚಪ್ಪಲಿ ಬಂದಾಗ ಅಡುಗೆ ಮನೆಯಲ್ಲಿದ್ದವರು, ಮಾತಾಡುತ್ತಿದ್ದವರು, ಕೊಳಲು ಕೇಳಿ ತಲೆ ಎತ್ತಿ ನೋಡಿದ್ದರು. ಮಾಸಿದ ಮುಖ, ಕೆಳಗೆ ಓಡುವ ಅಕ್ಷರ. ನಮ್ಮ ಕೇಬಲ್‌ನಲ್ಲಿ ಅದಕ್ಕೆ ಒಂದೇ ಅರ್ಥ ಇತ್ತು, ಆ ಅರ್ಥ ಕಲಿಸಿದವನೂ ನಾನೇ.

ಕಾಕಾ ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಚಹಾ ಕೊಡಿಸುತ್ತಿದ್ದರು. ಕೆಲವರು ನಗುತ್ತಿದ್ದರು, ನಾನೂ ನಗಲು ನೋಡಿದೆ. ಅಷ್ಟರಲ್ಲಿ ಉಗಾರ ಖುರ್ದಕ್ಕೆ ಕೊಟ್ಟಿದ್ದ ಅವರ ಮಗಳು ಬಂದಳು. ಯಾರೋ ಆ ಊರಿನ ಸಕ್ಕರೆ ಕಾರ್ಖಾನೆಗೆ ಫೋನ್ ಮಾಡಿ ಸುದ್ದಿ ಮುಟ್ಟಿಸಿದ್ದರಂತೆ. ಬಸ್ಸಿನ ತುಂಬ ಅತ್ತುಕೊಂಡೇ ಬಂದಿದ್ದಳು. ಕಟ್ಟೆಯ ಮೇಲೆ ಕೂತ ಅಪ್ಪನನ್ನು ಕಂಡವಳೇ ಅಲ್ಲೇ ನೆಲಕ್ಕೆ ಕುಸಿದಳು. ಕಾಕಾ ಒಳಗಿನಿಂದ ನೀರು ತಂದು ತಾವೇ ಅವಳ ಮುಖ ತೊಳೆದರು. ನನ್ನ ಕಡೆ ನೋಡಲಿಲ್ಲ.

ನಾನು ಕ್ಷಮೆ ಕೇಳಬೇಕಿತ್ತು. ಕೇಳುವ ಬದಲು, ಸರಿಯಾಗಿ ಓದದಿದ್ದರೆ ನಾನೇನು ಮಾಡಲಿ ಎಂದು ನಾಲ್ಕು ಜನರ ಎದುರು ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವತ್ತು ನಾನಾಡಿದ ಮಾತನ್ನು ಇವತ್ತಿಗೂ ನುಂಗಲಾಗಿಲ್ಲ.

ಜಾಹೀರಾತು ಅವತ್ತೇ ನಿಲ್ಲಿಸಿದೆವು. ಆದರೆ ಸುದ್ದಿಯ ಹಿಂದೆ ತಿದ್ದುಪಡಿ ಓಡುವುದು ಕಷ್ಟ. ರಾಯಬಾಗದ ಮದುವೆ ಮನೆಯೊಂದರ ಬೀಗರು ಮದುಮಗನ ಚಪ್ಪಲಿಗೆಂದು ಹೊರಟವರು, ದಾರಿಯಲ್ಲಿ ಸುದ್ದಿ ಕೇಳಿ ಬೇರೆಯವರ ಹತ್ತಿರ ಕೊಂಡರು. ಅಂಥವರು ಎಷ್ಟು ಜನರೋ. ಆರನೆಯ ಫೋಟೋ ಕಿತ್ತುಹಾಕಿ, ಚಪ್ಪಲಿ ಮಾತ್ರ ಇಟ್ಟು ಮತ್ತೆ ಹಾಕುತ್ತೇನೆ ಎಂದು ಹೇಳಿಕಳಿಸಿದೆ. ಮತ್ತೆ ಹಾಕಿದರೆ ವರ್ಷದ ತಿಥಿ ಅಂದುಕೊಳ್ಳುತ್ತಾರೆ, ಬೇಡ ಎಂದು ಕಾಕಾ ಹೇಳಿದರಂತೆ. ಆ ಸುಗ್ಗಿ ಹೋಯಿತು. ಅವರು ಮತ್ತೆ ವ್ಯಾಪಾರಿಗೇ ಗಂಟು ಕಟ್ಟಿಕೊಡತೊಡಗಿದರು. ದಾರಿಯಲ್ಲಿ ಸಿಕ್ಕರೆ ಮೊದಲಿನಂತೆಯೇ ಆರಾಮೇನ್ರಿ ಅನ್ನುತ್ತಿದ್ದರು. ಆ ಫೋಟೋ ಎಲ್ಲಿಂದ ತಂದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾಲ್ಕು ವರ್ಷಗಳ ಮೇಲೆ ಕಾಕಾ ತೀರಿಕೊಂಡರು. ನನಗೆ ಗೊತ್ತಾದದ್ದು ಮಣ್ಣು ಮಾಡಿದ ಮೂರು ದಿನಕ್ಕೆ. ಹೋಗಿ ಮಗಳ ಮುಂದೆ ಕೂತೆ. ನನಗೊಂದು ಮಾತು ಹೇಳಿಕಳಿಸಿದ್ದರೆ ಕಾಸು ಕೇಳದೆ ಶ್ರದ್ಧಾಂಜಲಿ ಹಾಕುತ್ತಿದ್ದೆನಲ್ಲ, ಎಲ್ಲರಿಗೂ ತಿಳಿಯುತ್ತಿತ್ತು ಎಂದೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ನಿಮ್ಮ ಟಿವಿಯಾಗ ಅಪ್ಪಾ ಒಮ್ಮೆ ಸತ್ತಾನ್ರಿ ಅಣ್ಣಾ. ಈ ಸಲ ಖರೇ ಅಂತ ಹೇಳಾಕ ಊರೂರಿಗೆ ಮನಷ್ಯಾರನ್ನ ಕಳಿಸಬೇಕಾತು."

ನಾನು ಎದ್ದು ಹೊರಗೆ ಬಂದೆ. ಬಾಗಿಲ ಬಳಿ ಒಂದು ಜೋಡು ಹೊಸ ಚಪ್ಪಲಿ ಇದ್ದವು, ಹೆಣಿಕೆ ಅರ್ಧಕ್ಕೆ ನಿಂತಿತ್ತು.