ಎಂಬತ್ತೆಂಟು ಎಂಬತ್ತಾದದ್ದು

ಸಂತೇಬೆನ್ನೂರಿನಲ್ಲಿ ಮರುಳಸಿದ್ದಪ್ಪ ಅಂದರೆ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. ಸುತ್ತೋಲೆ ಮೇಷ್ಟ್ರು ಅನ್ನಿ, ಬಸ್‌ಸ್ಟ್ಯಾಂಡಿನವರೇ ಮನೆ ತೋರಿಸುತ್ತಾರೆ. ಖಾಸಗಿ ಶಾಲೆಯೊಂದರ ಮುಖ್ಯೋಪಾಧ್ಯಾಯರು, ಗಣಿತದ ಮೇಷ್ಟ್ರು. ಮಕ್ಕಳು ಬಾಟಲಿಗೆ ನೀರು ತುಂಬಿಕೊಂಡು ಬರಬೇಕೆನ್ನುವುದಕ್ಕೂ ಪೋಷಕರಿಗೊಂದು ಸುತ್ತೋಲೆ ಬರೆಯುವ ಮನುಷ್ಯ. ಬರೆದದ್ದನ್ನು ಮೊದಲು ಹೆಂಡತಿ ಕೊಟ್ರಮ್ಮನ ಮುಂದೆ ಓದುತ್ತಿದ್ದರು. ಆಕೆ ಸೊಪ್ಪು ಬಿಡಿಸುತ್ತಾ, "ಇದನ್ನ ಎರಡು ಮಾತಲ್ಲಿ ಹೇಳಾಕೆ ಆಗಲ್ವೇನ್ರೀ?" ಅನ್ನುತ್ತಿದ್ದಳು. ಮೇಷ್ಟ್ರು ಅದಕ್ಕೆ ಇನ್ನೆರಡು ಸಾಲು ಸೇರಿಸುತ್ತಿದ್ದರು.

ಆದರೆ ಅಂಕದ ಬದಲು ಗ್ರೇಡು ಕೊಡುವ ಈ ಸುತ್ತೋಲೆಯನ್ನು ಅವರು ಚಟಕ್ಕೆ ಬರೆದದ್ದಲ್ಲ. ಜಗಳೂರಿನಲ್ಲಿ ತಾವು ಓದುವಾಗ, ಅಂಕಪಟ್ಟಿ ಬಂದ ದಿನ ಅಪ್ಪನ ಬೆಲ್ಟು ಗೂಟದಿಂದ ಇಳಿಯುತ್ತಿದ್ದದ್ದನ್ನು ಅವರು ಮರೆತಿರಲಿಲ್ಲ. ಹೋದ ವರ್ಷ ಅವರ ಶಾಲೆಯದೇ ಒಂದು ಹುಡುಗಿ, ಪಕ್ಕದ ಮನೆಯವಳಿಗಿಂತ ಒಂದು ಅಂಕ ಕಡಿಮೆ ಬಂತೆಂದು ಏಟು ತಿಂದು, ಊದಿದ ಕೆನ್ನೆ ಹೊತ್ತು ತರಗತಿಗೆ ಬಂದಿತ್ತು. ಅವತ್ತೇ ಮೇಷ್ಟ್ರು ಆಡಳಿತ ಮಂಡಳಿಯ ಮುಂದೆ ಕೂತು ಹಟ ಹಿಡಿದರು. ಇನ್ನು ಮನೆಗೆ ಅಂಕ ಹೋಗಕೂಡದು, ಗ್ರೇಡು ಮಾತ್ರ ಹೋಗಬೇಕು. ತೊಂಬತ್ತರಿಂದ ಮೇಲೆ ಎ ಪ್ಲಸ್, ಎಪ್ಪತ್ತರಿಂದ ಎಂಬತ್ತೊಂಬತ್ತು ಎ, ಐವತ್ತರಿಂದ ಅರವತ್ತೊಂಬತ್ತು ಬಿ ಪ್ಲಸ್, ಹೀಗೆ ಕೆಳಗಿನವರೆಗೆ. ಮೊದಲ ಕರಡಿನಲ್ಲಿ ಅವರು ಬರೆದ ಕೊನೆಯ ಸಾಲು ಸ್ಪಷ್ಟವಾಗಿತ್ತು: ಗ್ರೇಡು ಅಂದರೆ ಅಂಕಗಳ ಒಂದು ಗುಂಪು, ಆದ್ದರಿಂದ ಗ್ರೇಡುಗಳಿಂದ ಸರಾಸರಿ ತೆಗೆಯಬಾರದು.

ಆ ಸಾಲು ಉಳಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಪೋಷಕರ ಸಭೆಯಲ್ಲಿ ಕರಡು ಓದಿದಾಗ ಮೊದಲು ಎದ್ದವರು ಅಡಿಕೆ ವ್ಯಾಪಾರದ ಬೆನಕಪ್ಪನವರು. ಅವರ ಇಬ್ಬರು ಮೊಮ್ಮಕ್ಕಳು, ದೊಡ್ಡ ಮಗನ ಮಗಳು ಪುಷ್ಪಾ, ಚಿಕ್ಕ ಮಗನ ಮಗಳು ಸಿಂಚನಾ, ಅಲ್ಲೇ ಏಳನೇ ತರಗತಿಯಲ್ಲಿದ್ದರು.

"ಮೇಷ್ಟ್ರೇ, ನಾವೂ ಅಡಿಕೆನ ಗ್ರೇಡ್ ಮಾಡ್ತೀವಿ. ರಾಶಿ ಬೇರೆ, ಬೆಟ್ಟೆ ಬೇರೆ, ಗೊರಬಲು ಬೇರೆ. ಆದ್ರೆ ಒಂದೊಂದಕ್ಕೂ ಒಂದು ರೇಟ್ ಐತೆ. ರೇಟೇ ಇಲ್ದಂಗೆ ಗ್ರೇಡ್ ಕಟ್ಕೊಂಡು ಏನ್ ಮಾಡಾಣ? ಆವರೇಜ್ ಹೆಂಗೆ ತೆಗೀಬೇಕು ಹೇಳ್ರಿ."

ಸಭೆಯೆಲ್ಲ ಹೌದೌದು ಅಂದಿತು. ಮಂಡಳಿಯವರೂ ಮೇಷ್ಟ್ರ ಮುಖ ನೋಡಿದರು. ಕೆಲಸವೇ ಕೆಟ್ಟೀತೆಂದು ಹೆದರಿದ ಮೇಷ್ಟ್ರು ಆ ಸಾಲನ್ನು ಹೊಡೆದು, ಅದರ ಜಾಗದಲ್ಲಿ ಒಂದು ಕೋಷ್ಟಕ ಹಾಕಿದರು. ಎ ಪ್ಲಸ್‌ಗೆ ತೊಂಬತ್ತೈದು, ಎಗೆ ಎಂಬತ್ತು, ಬಿ ಪ್ಲಸ್‌ಗೆ ಅರವತ್ತು. ಪ್ರತಿ ಗುಂಪಿನ ನಡುವಿನ ಅಂಕಿ, ಹೆಚ್ಚುಕಡಿಮೆ. ಸರಾಸರಿ ಬೇಕಾದವರು ಇದರಿಂದ ಲೆಕ್ಕ ಹಾಕಿಕೊಳ್ಳಬಹುದು. ಕೆಳಗೆ ಸಹಿ, ಮೇಲೆ ಶಾಲೆಯ ಮೊಹರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಅವರು ಮನೆಗೆ ಹೋಗಿ ನೆಮ್ಮದಿಯಾಗಿ ಉಂಡರು.

ಏಪ್ರಿಲ್‌ನಲ್ಲಿ ಫಲಿತಾಂಶ ಕೊಟ್ಟರು. ಮೂರನೇ ದಿನ ಪುಷ್ಪಾಳ ತಾಯಿ ಪ್ರಮೀಳಾ ಶಾಲೆಗೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸಾರ್, ದಾವಣಗೆರೆಯಾಗೆ ನಮ್ಮ ನಾದಿನಿ ಮನೆ ಐತೆ. ಅಲ್ಲಿ ಒಂದು ಹುಡುಗಿನ ಇಟ್ಕೊಂಡು ಹೈಸ್ಕೂಲ್ ಓದಿಸ್ತೀನಿ ಅಂದವ್ರೆ. ಇಬ್ರಿಗೆ ಜಾಗ ಇಲ್ಲ. ಯಾರ ಆವರೇಜ್ ಜಾಸ್ತಿನೋ ಅವ್ಳು ಹೋಗ್ಲಿ ಅಂದ್ರು ಮಾವನೋರು. ನಮ್ಮ ಪುಷ್ಪಂದು ಎಂಬತ್ತು ಬಂತಂತೆ. ಸಿಂಚನಂದು ಎಂಬತ್ತೇಳೂವರೆ. ನಿಜಾನಾ ಸಾರ್? ವರ್ಷವೆಲ್ಲ ನಮ್ಮವಳೇ ಅವಳಿಗೆ ಲೆಕ್ಕ ಹೇಳ್ಕೊಡ್ತಿದ್ಲು."

ಮೇಷ್ಟ್ರು ಬೀರು ತೆಗೆದು ಅಂಕಗಳನ್ನು ನೋಡಿದರು. ಪುಷ್ಪಾಳಿಗೆ ಆರೂ ವಿಷಯದಲ್ಲಿ ಎಂಬತ್ತೇಳು, ಎಂಬತ್ತೆಂಟು, ಎಂಬತ್ತೊಂಬತ್ತು. ನಿಜವಾದ ಸರಾಸರಿ ಎಂಬತ್ತೆಂಟು. ಆದರೆ ಒಂದೂ ತೊಂಬತ್ತು ಮುಟ್ಟಿಲ್ಲ. ಆರಕ್ಕೆ ಆರೂ ಎ. ಕೋಷ್ಟಕದ ಪ್ರಕಾರ ಎಂಬತ್ತು. ಸಿಂಚನಾಳಿಗೆ ಮೂರು ಭಾಷೆಗಳಲ್ಲಿ ತೊಂಬತ್ತರ ಮೇಲೆ ಒಂದೆರಡು, ಗಣಿತ, ವಿಜ್ಞಾನ, ಸಮಾಜದಲ್ಲಿ ಎಪ್ಪತ್ತರ ಮೇಲೆ ಒಂದೆರಡು. ನಿಜವಾದ ಸರಾಸರಿ ಎಂಬತ್ತೊಂದು. ಆದರೆ ಮೂರು ಎ ಪ್ಲಸ್, ಮೂರು ಎ. ಕೋಷ್ಟಕದ ಪ್ರಕಾರ ಎಂಬತ್ತೇಳೂವರೆ.

ಎಪ್ಪತ್ತಕ್ಕೂ ಎಂಬತ್ತೊಂಬತ್ತಕ್ಕೂ ಒಂದೇ ರೇಟು ಕಟ್ಟಿದವರು ತಾವೇ. ಮೂವತ್ತು ವರ್ಷ ಗಣಿತ ಹೇಳಿದ ತಲೆಗೆ ಇದು ಹೊಳೆಯದೆ ಹೋಯಿತಲ್ಲ ಎಂದು ಅವರಿಗೆ ಅಳುವೇ ಬಂತು. ಹೊಳೆದಿತ್ತು ಕೂಡ, ಮೊದಲ ಕರಡಿನಲ್ಲಿ. ಸಭೆಯ ಗದ್ದಲಕ್ಕೆ ಹೆದರಿ ಬಿಟ್ಟುಕೊಟ್ಟಿದ್ದರು.

ಅಂದು ಸಂಜೆಯೇ ಬೆನಕಪ್ಪನವರ ಅಂಗಡಿಗೆ ಹೋದರು. ಅಂಕ ಹೊರಗೆ ಹೇಳಕೂಡದು ಎಂದು ತಾವೇ ಮಾಡಿದ ನಿಯಮವನ್ನು ತಾವೇ ಮುರಿದು, ಎರಡೂ ಮಕ್ಕಳ ಅಂಕ ಹೇಳಿದರು. ತಪ್ಪು ಕೋಷ್ಟಕದ್ದು, ಮಕ್ಕಳದ್ದಲ್ಲ ಅಂದರು.

ಬೆನಕಪ್ಪನವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ವಾಸಿಯಿತ್ತು. ಚಹಾ ತರಿಸಿದರು. ಆಮೇಲೆ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಆ ಸುತ್ತೋಲೆಯನ್ನೇ ತೆಗೆದು, ಕನ್ನಡಕ ಏರಿಸಿ, ಗಟ್ಟಿಯಾಗಿ ಓದಿದರು. "'ಇನ್ನು ಮುಂದೆ ಬಿಡಿ ಅಂಕಗಳನ್ನು ಯಾವುದೇ ಹೋಲಿಕೆಗೆ ಪರಿಗಣಿಸತಕ್ಕದ್ದಲ್ಲ.' ನಿಮ್ದೇ ಸಹಿ ಅಲ್ವೇನ್ರೀ ಇದು?"

"ನಂದೇ. ಆದ್ರೆ ಆ ಕೋಷ್ಟಕ ತಪ್ಪು, ಯಜಮಾನ್ರೇ. ನಾಳೆನೇ ಎಲ್ಲರಿಗೂ ತಿದ್ದುಪಡಿ ಕಳಿಸ್ತೀನಿ."

"ಕಳಿಸ್ರಿ, ಬ್ಯಾಡ ಅನ್ನಲ್ಲ. ಆದ್ರೆ ನಮ್ಮನೇಲಿ ಇಬ್ರು ಸೊಸೆಂದ್ರು ಅವ್ರೆ. ನಿನ್ನೆ ಇಬ್ರನ್ನೂ ಕೂರಿಸ್ಕೊಂಡು, ಈ ಪೇಪರ್ ನೋಡ್ಕೊಂಡೇ ಲೆಕ್ಕ ಹಾಕೀನಿ. ಪ್ರಮೀಳಾ ಬೆಳಗ್ಗೆ ಶಾಲೆಗೆ ಹೋದ್ಲು, ಸಂಜೆಗೆ ಮೇಷ್ಟ್ರು ಬಂದು ಲೆಕ್ಕ ತಿರುಗಿಸಿದ್ರು ಅಂದ್ರೆ ಚಿಕ್ಕ ಸೊಸೆ ಏನಂತಾಳೆ? ತೂಕ ಆದ್ಮೇಲೆ ತಕ್ಕಡಿ ಬದಲಾಯ್ಸಿದ್ರೆ ಅದು ವ್ಯಾಪಾರ ಅಲ್ಲ ಮೇಷ್ಟ್ರೇ, ಮೋಸ."

ಆ ಮನುಷ್ಯ ಕೆಟ್ಟವನಾಗಿದ್ದರೆ ಬೈದಾದರೂ ಬರಬಹುದಿತ್ತು. ಮಾತಿಗೆ ತಪ್ಪಬಾರದು ಎಂದು ಕೂತಿರುವ ಯಜಮಾನನನ್ನು ಯಾವ ಬಾಯಲ್ಲಿ ಬೈಯುವುದು? ಚಹಾ ತಣ್ಣಗಾಯಿತು, ಹಾಗೇ ಎದ್ದು ಬಂದರು. ಕೊಟ್ರಮ್ಮ ಊಟಕ್ಕೆ ಕರೆದಾಗ ಹಸಿವಿಲ್ಲವೆಂದರು.

ತಿದ್ದುಪಡಿ ಸುತ್ತೋಲೆ ಹೋಯಿತು. ಅವರ ಜೀವಮಾನದಲ್ಲೇ ಚಿಕ್ಕದು. ಕೋಷ್ಟಕ ರದ್ದಾಗಿದೆ, ಗ್ರೇಡುಗಳಿಂದ ಸರಾಸರಿ ತೆಗೆಯಬಾರದು, ಅಷ್ಟೇ. ಯಾರೂ ಓದಲಿಲ್ಲ. ಸಿಂಚನಾ ದಾವಣಗೆರೆಗೆ ಹೋದಳು. ಹೋಗುವಾಗ ಅಕ್ಕನನ್ನು ತಬ್ಬಿಕೊಂಡು ಬಸ್ಸು ಹೊರಡುವವರೆಗೂ ಅತ್ತಳಂತೆ. ಪುಷ್ಪಾ ಅಳಲಿಲ್ಲವಂತೆ. ಎಂಟನೇ ತರಗತಿಗೆ ಅದೇ ಶಾಲೆಗೆ ಬಂದು, ಅದೇ ಮುಂದಿನ ಬೆಂಚಿನಲ್ಲಿ ಕೂತಳು. ಕೈ ಎತ್ತುವುದನ್ನು ಮಾತ್ರ ಬಿಟ್ಟಳು.

ಮೊದಲ ಪರೀಕ್ಷೆಯ ಗಣಿತದ ಉತ್ತರಪತ್ರಿಕೆಗಳನ್ನು ಮೇಷ್ಟ್ರು ತಿದ್ದುತ್ತಿದ್ದರು. ಪುಷ್ಪಾ ಬರೆದಷ್ಟೆಲ್ಲ ಸರಿಯಿತ್ತು, ಒಂದು ಚಿಹ್ನೆಯೂ ತಪ್ಪಿರಲಿಲ್ಲ. ಆದರೆ ಕೊನೆಯ ಲೆಕ್ಕಗಳನ್ನು ಮುಟ್ಟಿಯೇ ಇರಲಿಲ್ಲ. ನೂರಕ್ಕೆ ಎಪ್ಪತ್ತೆರಡು. ಹುಡುಗಿಯನ್ನು ಕೋಣೆಗೆ ಕರೆಸಿದರು.

"ಯಾಕಮ್ಮಾ, ಟೈಮ್ ಸಾಲಲಿಲ್ವಾ?"

"ಸಾಲ್ತು ಸಾರ್."

"ಬರ್ತಿರಲಿಲ್ವಾ ಈ ಲೆಕ್ಕ?"

"ಬರ್ತಿದ್ವು."

"ಮತ್ತೆ ಯಾಕೆ ಬಿಟ್ಟೆ?"

ಅವಳು ಮೇಷ್ಟ್ರನ್ನು ನೇರವಾಗಿ ನೋಡಿದಳು. ಮುಖದಲ್ಲಿ ಕೋಪವಿರಲಿಲ್ಲ, ಲೆಕ್ಕವೊಂದನ್ನು ಮುಗಿಸಿದ ಮಕ್ಕಳ ಮುಖದಲ್ಲಿರುವ ಶಾಂತಿಯಿತ್ತು.

"ಎಪ್ಪತ್ತು ಬಂದ್ರೂ ಎ, ಎಂಬತ್ತೊಂಬತ್ತು ಬಂದ್ರೂ ಎ. ಎಪ್ಪತ್ತು ದಾಟ್ತು ಅಂತ ಗೊತ್ತಾತು, ಪೆನ್ನು ಮುಚ್ಚಿದೆ ಸಾರ್."