ಹನ್ನೊಂದು ನಿಮಿಷದ ಬನ್ನು

ಐವತ್ತಣ್ಣನಿಗೆ ಆ ಹೆಸರು ವಯಸ್ಸಿನಿಂದ ಬಂದದ್ದಲ್ಲ. ವಯಸ್ಸು ಐವತ್ತಾರು ದಾಟಿತ್ತು. ಊರಿನ ವಿದ್ಯುತ್ ಉಪಕೇಂದ್ರದಲ್ಲಿ ಇಪ್ಪತ್ತೆರಡು ವರ್ಷದಿಂದ ಆಪರೇಟರ್. ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಫ್ರೀಕ್ವೆನ್ಸಿ, ಅಂದರೆ ಕರೆಂಟಿನ ನಾಡಿಬಡಿತ, ತೋರಿಸುವ ಒಂದು ಮೀಟರ್ ಇದೆ. ಅದು ಐವತ್ತು ಎಂದು ತೋರಿಸಿದರೆ ನಾಡಿನ ಗ್ರಿಡ್ಡಿಗೆ ಆರೋಗ್ಯ, ಕೆಳಗಿಳಿದರೆ ಜ್ವರ. ಈ ಮನುಷ್ಯ ಮಾತಾಡುತ್ತಿದ್ದರೂ ಉಣ್ಣುತ್ತಿದ್ದರೂ ಒಂದು ಕಣ್ಣು ಆ ಮೀಟರಿನ ಮೇಲೇ. ಮನೆಯಲ್ಲಿ ಕೂತಾಗಲೂ ಆಗಾಗ ಖಾಲಿ ಗೋಡೆ ನೋಡುವ ಚಾಳಿ ಬಿದ್ದಿತ್ತು. "ಏನ್ರೀ, ಎಷ್ಟಿದೆ ನಮ್ಮ ಗೋಡೆ?" ಎಂದು ಹೆಂಡತಿ ಕಿಚಾಯಿಸುತ್ತಿದ್ದಳು.

ಹೆಂಡತಿಯೂ ಸಾಮಾನ್ಯಳಲ್ಲ. ಮಗಳ ಮದುವೆಯಾದ ಮೇಲೆ ಸುಮ್ಮನೆ ಕೂರಲಾಗದೆ, ಉಪಕೇಂದ್ರದ ಹಿಂದಿನ ಬೀದಿಯ ತಮ್ಮ ಮನೆಯಲ್ಲೇ ಒಂದು ದೊಡ್ಡ ಕರೆಂಟ್ ಓವನ್ ಇಟ್ಟು ಬನ್ನು ಬೇಯಿಸಲು ಶುರು ಮಾಡಿದ್ದಳು. ಕೈ ರುಚಿಯದು. ಊರಾಚೆಯ ದಾದಿಯರ ಹಾಸ್ಟೆಲ್ಲಿನ ವಾರ್ಡನ್ ಒಮ್ಮೆ ತಿಂದು, "ದಿನಾ ರಾತ್ರಿ ಎಂಟೂವರೆಗೆ ಬಿಸಿ ಬಿಸಿ ನೂರೈವತ್ತು ಬನ್ನು ಕೊಡೋದಾದ್ರೆ ಆರ್ಡರ್ ನಿಮಗೇ" ಎಂದಿದ್ದರು. ಮೊದಲ ಎರಡು ದಿನವೂ ಏಳಕ್ಕೆ ಕರೆಂಟ್ ಹೋಯಿತು. ಮೊದಲ ದಿನ ಹಿಟ್ಟು ಉಬ್ಬಿ ಉಬ್ಬಿ ಹುಳಿಯಾಗಿ ಕುಸಿಯಿತು. ಎರಡನೇ ದಿನ ಮಧ್ಯಾಹ್ನವೇ ಬೇಯಿಸಿದ ಬನ್ನನ್ನು ಕಳಿಸಿದಳು, ಅದು ತಣ್ಣಗಿದೆ ಎಂದು ವಾಪಸ್ಸು ಬಂತು. "ಇನ್ನೊಂದೇ ಒಂದು ದಿನ ನೋಡ್ತೀನಿ" ಎಂದರು ವಾರ್ಡನ್.

ಆ ಎರಡು ದಿನವೂ ಕರೆಂಟ್ ತೆಗೆದ ಕೈ ಯಾವುದು ಎಂದು ಬೇರೆ ಹೇಳಬೇಕಾಗಿಲ್ಲ. "ನನ್ನ ಬನ್ನಿನ ಶತ್ರು ನನ್ನ ಮನೆಯಲ್ಲೇ ಉಣ್ತಾನೆ" ಎಂದು ಅವಳು ಬೀದಿಯ ಹೆಂಗಸರಿಗೆಲ್ಲ ಸಾರಿಬಿಟ್ಟಳು. "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಪಕ್ಕದ ಮನೆಯ ಅಜ್ಜಿ ಒಗ್ಗರಣೆ ಹಾಕಿದರು. ಊರಿಗೂ ಅವನೇನು ಉಪಕಾರಿಯಾಗಿ ಕಾಣುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಮೂರನೇ ದಿನ ಬೆಳಗ್ಗೆ ಅವಳು ಕಾಫಿ ಲೋಟವನ್ನು ಅವನ ಮುಂದೆ ಕೊಂಚ ಜೋರಾಗಿಯೇ ಇಟ್ಟಳು.

"ಇವತ್ತು ಏಳರಿಂದ ಎಂಟು ನಮ್ಮ ಬೀದಿ ಬಿಟ್ಟು ಬೇರೆ ಬೀದಿ ತೆಗೀರಿ. ಒಂದೇ ಒಂದು ದಿನ."

"ಈ ವಾರ ಏಳರಿಂದ ಎಂಟು ಮೂರನೇ ಫೀಡರ್ ಲೈನಿನ ಸರದಿ ಕಣೇ. ನಮ್ಮ ಬೀದಿಗೆ ಕರೆಂಟ್ ಬರೋದು ಆ ಲೈನಿನಿಂದಲೇ. ಪಟ್ಟಿ ಬದಲಾಯಿಸಿದ್ರೆ ನಮ್ಮನೆ ಬೆಳಕು ಇನ್ನೊಬ್ಬರ ಮನೆ ಕತ್ತಲೆ ಆಗುತ್ತೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನಾನೂ ಮಾಡಿಲ್ಲ."

"ಅದು ಸರಿ, ಸಂಜೆ ಆದ ಕೂಡಲೇ ಯಾಕೆ ಕೊರತೆ ಬರುತ್ತೆ? ಮಧ್ಯಾಹ್ನ ಬೆಂಕಿಯಂಥ ಬಿಸಿಲು, ಆಗ ಎಲ್ಲರ ಫ್ಯಾನೂ ತಿರುಗ್ತಾ ಇರುತ್ತೆ. ಕರೆಂಟ್ ಹೋಗಲ್ಲ!"

ಐವತ್ತಣ್ಣನಿಗೆ ಇಂಥ ಪ್ರಶ್ನೆ ಎಂದರೆ ಪ್ರಾಣ. ಕಾಫಿ ಆರುವುದನ್ನೂ ಮರೆತ.

"ಮಧ್ಯಾಹ್ನ ಬಿಸಿಲೇ ಕರೆಂಟ್ ಕೊಡುತ್ತೆ. ಸೋಲಾರ್ ಫಲಕಗಳು ಧಾರಾಳವಾಗಿ ಸುರೀತವೆ. ಸೂರ್ಯ ಮುಳುಗ್ತಾ ಇದ್ದಂಗೇ ಅದಷ್ಟೂ ಒಂದೆರಡು ಗಂಟೇಲಿ ಮಾಯ. ಸರಿಯಾಗಿ ಅದೇ ಹೊತ್ತಿಗೆ ಎಲ್ಲರೂ ಮನೆಗೆ ಬರ್ತಾರೆ. ಗೋಡೆ ಇನ್ನೂ ಕಾದಿರುತ್ತೆ, ಏಸಿ ಹಾಕ್ತಾರೆ, ದೀಪ ಹಾಕ್ತಾರೆ, ಮೋಟರ್ ಹಾಕ್ತಾರೆ, ನೀನು ಓವನ್ ಹಾಕ್ತೀಯ. ಬೇಸಿಗೆ ಬೇರೆ, ಅಣೆಕಟ್ಟಿನಲ್ಲಿ ನೀರು ತಳ ಕಂಡಿರುತ್ತೆ. ಕೊಡೋರು ಕಮ್ಮಿ, ಕೇಳೋರು ಜಾಸ್ತಿ."

"ಕೊಟ್ಟಷ್ಟು ತಗೊಂಡು ಮಂಕಾಗಿ ಉರಿಯಲಿ ಬಿಡಿ."

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗ್ರಿಡ್ಡಿಗೆ ಹೇಳೋಕಾಗಲ್ಲ. ಕರೆಂಟನ್ನ ಹಿಟ್ಟಿನ ಥರ ಡಬ್ಬೀಲಿ ತುಂಬಿಡೋಕೂ ಆಗಲ್ಲ, ಬ್ಯಾಟರಿ ಇನ್ನೂ ಅಷ್ಟು ಇಲ್ಲ. ಆ ಕ್ಷಣ ಎಷ್ಟು ಹುಟ್ಟುತ್ತೋ ಆ ಕ್ಷಣ ಅಷ್ಟೇ ಖರ್ಚಾಗಬೇಕು. ಕೇಳೋದು ಜಾಸ್ತಿ ಆದ್ರೆ ಕರೆಂಟ್ ಹುಟ್ಟಿಸೋ ಯಂತ್ರಗಳು ಏದುಸಿರು ಬಿಡ್ತಾ ನಿಧಾನ ಆಗ್ತವೆ, ನನ್ನ ಮೀಟರ್ ಐವತ್ತರಿಂದ ಇಳಿಯುತ್ತೆ. ತೀರಾ ಇಳಿದ್ರೆ ಯಂತ್ರಗಳು ತಮ್ಮ ಜೀವ ಉಳಿಸ್ಕೊಳ್ಳೋಕೆ ಒಂದರ ಹಿಂದೆ ಒಂದು ಕಳಚಿಕೊಳ್ತವೆ, ನಾಡಿಗೆ ನಾಡೇ ಕತ್ತಲೆ. ಅದಕ್ಕೇ ಮುಂಚೆನೇ ಲೆಕ್ಕ ಹಾಕಿ, ಒಂದೊಂದು ಗಂಟೆ ಒಂದೊಂದು ಫೀಡರ್ ತೆಗೆಯೋದು. ಮಧ್ಯಾಹ್ನ ಎರಡಕ್ಕೆ ಬೇಯಿಸು ಅಂತ ಎಷ್ಟು ಸಲ ಹೇಳಿದೆ? ಸೂರ್ಯ ಕೊಡ್ತಾನೆ!"

"ನಿನ್ನೆ ಬೇಯಿಸಿದ್ದು ತಣ್ಣಗಿದೆ ಅಂತ ವಾಪಸ್ಸು ಬಂತಲ್ಲ. ತಿನ್ನೋಕೂ ಸೂರ್ಯನೇ ಬರ್ತಾನಾ?" ಎಂದಳು. ಆಮೇಲೆ, "ನಿಮಗೆ ಬೇಕಾಗಿರೋದು ಏನು, ನಮ್ಮನೆ ಕತ್ತಲೆನಾ, ಅಥವಾ ಅಷ್ಟು ಕರೆಂಟ್ ಉಳಿಯೋದಾ?" ಎಂದು ಕೇಳಿದಳು.

ಇಪ್ಪತ್ತೆರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಅವನು ತನಗೇ ಕೇಳಿಕೊಂಡಿರಲಿಲ್ಲ.

ಮಧ್ಯಾಹ್ನ ಪಾಳಿಗೆ ಹೋದವನು ನೇರವಾಗಿ ಫೋನ್ ಎತ್ತಿದ. ರಾಜಧಾನಿಯ ಲೋಡ್ ನಿಯಂತ್ರಣ ಕೇಂದ್ರದಲ್ಲಿ ಒಬ್ಬರು ಎಂಜಿನಿಯರ್ ಮೇಡಂ ಇದ್ದರು. ಯಾವ ಊರು ಎಷ್ಟು ಇಳಿಸಬೇಕು ಎಂದು ಹೇಳುವವರು ಅವರೇ. ಮುಖ ನೋಡಿದವನಲ್ಲ, ದನಿಯ ಪರಿಚಯ ಮಾತ್ರ.

"ಮೇಡಂ, ಏಳಕ್ಕೆ ನಮ್ಮ ಪಾಲಿನ ಎರಡು ಮೆಗಾವ್ಯಾಟ್ ಇಳಿಸಬೇಕಲ್ಲ. ಫೀಡರ್ ತೆಗೀದೇನೇ ಇಳಿಸಿದ್ರೆ?"

ಆ ಕಡೆ ನಗು ಕೇಳಿಸಿತು. "ನನಗೆ ಬೇಕಾಗಿರೋದು ಮೆಗಾವ್ಯಾಟ್ ರೀ, ಕತ್ತಲೆ ಅಲ್ಲ. ಆದ್ರೆ ಏಳು ಗಂಟೆ ಐದು ನಿಮಿಷಕ್ಕೆ ಮೀಟರಲ್ಲಿ ಕಾಣಬೇಕು. ಇಲ್ಲಾಂದ್ರೆ ಪಟ್ಟಿ ಪ್ರಕಾರ ಮೂರನೇದು ತೆಗೀಬೇಕು. ಒಪ್ಪಿಗೆನಾ?"

"ಒಪ್ಪಿಗೆ" ಎಂದು ಹೇಳಿ ಹೆಂಡತಿಗೆ ಫೋನ್ ಮಾಡಿದ. ಅವಳು ಆಗಲೇ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಿದ್ದಳು. ಮೊದಲು ನೀರಿನ ಪಂಪ್‌ಹೌಸಿಗೆ. "ಟ್ಯಾಂಕ್ ಮಧ್ಯಾಹ್ನವೇ ತುಂಬಿಸಿಬಿಡಪ್ಪಾ, ಏಳರಿಂದ ಎಂಟು ಆರಾಮಾಗಿ ಬೀಡಿ ಸೇದು" ಎಂದಳು. ಆಮೇಲೆ ಐಸ್ ಫ್ಯಾಕ್ಟರಿಗೆ. "ನಿಮ್ಮ ಐಸು ಒಂದು ಗಂಟೇಲಿ ಕರಗೋ ಅಷ್ಟು ನಾಜೂಕಾಗಿದ್ರೆ ಅದನ್ನ ಯಾರು ಕೊಳ್ತಾರೆ?" ಎಂದು ಮಾಲೀಕನ ಮರ್ಯಾದೆಗೇ ಕೈ ಹಾಕಿದಳು. ಹಿಟ್ಟಿನ ಗಿರಣಿಯವನು ತಾನಾಗಿಯೇ ಒಪ್ಪಿದ. ಅವನೇನೂ ಅವಳಿಗೆ ಸಾಲ ಕೊಡಬೇಕಿರಲಿಲ್ಲ, ಅವಳ ಬಾಯಿಯ ಭಯ ಇತ್ತು. ಪಕ್ಕದ ಮನೆಯ ಅಜ್ಜಿ ಮೊಮ್ಮಗಳ ಫೋನಿನಿಂದ ಎಲ್ಲ ಬೀದಿಗಳ ಗುಂಪಿಗೂ ಸುದ್ದಿ ಹಾಕಿಸಿದರು: ಐದಕ್ಕೇ ಏಸಿ ಹಾಕಿ ಕೋಣೆ ತಣ್ಣಗೆ ಮಾಡಿಕೊಳ್ಳಿ, ಏಳರಿಂದ ಸರಿಯಾಗಿ ಎಂಟರವರೆಗೆ ಆರಿಸಿಬಿಡಿ, ಆಗ ಯಾರ ಮನೆಯಲ್ಲೂ ಕತ್ತಲೆ ಇರುವುದಿಲ್ಲ. 'ಸರಿಯಾಗಿ ಎಂಟರವರೆಗೆ' ಎಂಬ ಮಾತು ಐವತ್ತಣ್ಣನದು. ಗಡಿಯಾರದ ಮನುಷ್ಯ ನೋಡಿ.

ಏಳು ಹೊಡೆಯಿತು. ಕಂಟ್ರೋಲ್ ರೂಮಿನಲ್ಲಿ ಅವನೊಬ್ಬನೇ. ಎದುರಿಗೆ ಎಂಟು ಫೀಡರುಗಳ ಎಂಟು ಮೀಟರು, ಒಟ್ಟು ಹೊರೆಯದು ಇನ್ನೊಂದು. ಮೂರನೆಯದರ ಸ್ವಿಚ್ಚಿನ ಮೇಲೆ ಕೈ ಇಟ್ಟೇ ಕೂತಿದ್ದ. ಎಲ್ಲ ಸೇರಿ ಹದಿನಾರು ಮೆಗಾವ್ಯಾಟ್ ಇತ್ತು. ಹದಿನೈದೂವರೆ ಆಯಿತು. ಪಂಪು ನಿಂತಿತು, ಹದಿನೈದಕ್ಕೆ ಬಂತು. ಏಳು ಮೂರು ನಿಮಿಷಕ್ಕೆ ಹದಿನಾಲ್ಕೂವರೆ. ಅಲ್ಲೇ ನಿಂತಿತು. ಈ ಕೈಯಿಂದಲೇ ಮೂರನೇ ಸಲವೂ ಅವಳ ಒಲೆ ಆರಿಸಬೇಕಾಗುತ್ತದೆ ಅನ್ನಿಸಿತು. ಏಳು ನಾಲ್ಕಕ್ಕೆ ಐಸ್ ಫ್ಯಾಕ್ಟರಿಯ ಮಾಲೀಕನಿಗೆ ನೆನಪಾಗಿರಬೇಕು, ಮೀಟರು ಒಮ್ಮೆಲೇ ಇಳಿದು ಹದಿನಾಲ್ಕಕ್ಕೆ ಕೂತಿತು.

ಫೋನ್ ಬಂತು. "ಕಾಣ್ತಾ ಇದೆ ರೀ" ಎಂದರು ಮೇಡಂ. "ಹೇಗೆ ಮಾಡಿದ್ರಿ?"

"ನಾನಲ್ಲ ಮೇಡಂ, ಮನೆಯವಳು" ಎಂದ. ಎದೆ ಎರಡು ಅಂಗುಲ ಉಬ್ಬಿತ್ತು.

ಊರಿಗೆ ಊರೇ ಬೆಳಗುತ್ತಿತ್ತು. ಒಂದೊಂದು ತಟ್ಟೆ ಬನ್ನು ಓವನ್ನಿನಿಂದ ಹೊರಬಂದ ಹಾಗೆಲ್ಲ ಹೆಂಡತಿ ಫೋನ್ ಮಾಡಿ ವರದಿ ಒಪ್ಪಿಸಿದಳು. ಏಳೂ ಐವತ್ತೈದಕ್ಕೆ, "ಕೊನೇ ತಟ್ಟೆ ಒಳಗಿದೆ, ಇನ್ನು ಹತ್ತು ನಿಮಿಷ" ಎಂದಳು.

ಎಂಟಾಯಿತು. ಆ ಊರಿನ ಜನ ಅಷ್ಟು ಶಿಸ್ತಿನವರು ಎಂದು ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ. ಸರಿಯಾಗಿ ಎಂಟಕ್ಕೆ, ಒಂದೇ ಏಟಿಗೆ, ಪಂಪಿನವನು ಸ್ವಿಚ್ ಹಾಕಿದ, ಐಸಿನವನು ಹಾಕಿದ, ಗಿರಣಿಯವನು ಹಾಕಿದ, ಒಂದು ಗಂಟೆ ಬೆವರಿದ ಮನೆಗಳೆಲ್ಲ ಏಸಿ ಹಾಕಿದವು. ದೊಡ್ಡ ಮೋಟರು ಎದ್ದು ನಿಲ್ಲುವಾಗ ಓಡುವುದಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆ ಮೋಟರುಗಳೆಲ್ಲ ಇದ್ದದ್ದು ಮೂರನೇ ಫೀಡರಿನಲ್ಲೇ. ಮೀಟರು ಹಾರಿತು, ಅಂಗಳದಲ್ಲಿ ಢಬ್ ಎಂದು ಸದ್ದಾಯಿತು, ಮೂರನೇ ಫೀಡರ್ ಟ್ರಿಪ್ ಆಗಿ ತಾನಾಗಿಯೇ ಕಳಚಿಕೊಂಡಿತು.

ಸರದಿಯ ಪಟ್ಟಿಯಲ್ಲಿ ಎಂದೂ ತಪ್ಪದ ಮನುಷ್ಯ ತಲೆಯ ಮೇಲೆ ಕೈ ಹೊತ್ತ. ಫೀಡರುಗಳನ್ನು ಒಂದಾದ ಮೇಲೊಂದು ಹಾಕಬೇಕು ಎಂದು ಹೊಸಬರಿಗೆ ಕಿವಿ ಹಿಂಡಿ ಹೇಳಿಕೊಟ್ಟವನು, ಜನರಿಗೆ ಮಾತ್ರ ಅದನ್ನು ಹೇಳಲು ಮರೆತಿದ್ದ. ಆರಿಸುವುದಕ್ಕೆ ಸಮಯ ಕೊಟ್ಟ, ಹಾಕುವುದಕ್ಕೆ ಸರದಿ ಕೊಡಲಿಲ್ಲ.

ಮೊದಲ ಫೋನ್ ಮನೆಗೆ. "ಓವನ್ ಬಾಗಿಲು ತೆಗೀಬೇಡ! ಒಳಗಿನ ಕಾವು ಹಾಗೇ ಇರುತ್ತೆ!"

"ನನಗೆ ಗೊತ್ತಿಲ್ವಾ? ನೀವು ನಿಮ್ಮ ಕೆಲಸ ನೋಡ್ಕೊಳ್ಳಿ" ಎಂದಳು.

ಆಮೇಲೆ ಪಂಪಿಗೆ, ಫ್ಯಾಕ್ಟರಿಗೆ, ಗಿರಣಿಗೆ: ಆರಿಸಿ, ನಾನು ಹೇಳೋವರೆಗೂ ಮುಟ್ಟಬೇಡಿ. ತಂತಿ ಎಲ್ಲೂ ಕಡಿದು ಬಿದ್ದಿಲ್ಲ ಎಂದು ಲೈನ್‌ಮನ್‌ನಿಂದ ಖಾತ್ರಿ ಮಾಡಿಕೊಂಡು ಫೀಡರ್ ಹಾಕಿದಾಗ ಎಂಟು ಗಂಟೆ ಹನ್ನೊಂದು ನಿಮಿಷ. ಲಾಗ್ ಪುಸ್ತಕದಲ್ಲಿ 'ಏಕಕಾಲದ ಹೊರೆಯಿಂದ ಟ್ರಿಪ್. ಸೂಚನೆ ಕೊಟ್ಟವರ ತಪ್ಪು' ಎಂದು ಬರೆದು, ಕೆಳಗೆ ತನ್ನ ಸಹಿ ಹಾಕಿದ. ಮನೆಗೆ ಮತ್ತೆ ಫೋನ್ ಮಾಡುವ ಧೈರ್ಯ ಬರಲಿಲ್ಲ.

ಪಾಳಿ ಮುಗಿಸಿ ಬಂದಾಗ ಅವಳು ಊಟದ ಮೇಜಿನ ಮುಂದೆ ಕೂತಿದ್ದಳು. ತಟ್ಟೆಯಲ್ಲಿ ಒಂದೇ ಒಂದು ಬನ್ನು. ಮೇಲ್ಭಾಗ ಕೊಂಚ ಬಿಳಿಚಿತ್ತು.

"ಕೊನೇ ತಟ್ಟೇದು, ಹನ್ನೊಂದು ನಿಮಿಷ ಬರೀ ಕಾವಲ್ಲಿ ಬೆಂದದ್ದು. ತಿನ್ನಿ."

ಅಪರಾಧಿಯ ಹಾಗೆ ಮುರಿದು ಬಾಯಿಗಿಟ್ಟ. ಹತ್ತಿಯಂತಿತ್ತು.

"ಇಷ್ಟು ಮೆತ್ತಗಿನ ಬನ್ನು ಜನ್ಮದಲ್ಲಿ ತಿಂದಿಲ್ಲ, ನಾಳೆಯಿಂದ ಎಲ್ಲಾ ಹೀಗೇ ಇರಲಿ ಅಂದ್ರು ವಾರ್ಡನ್. ದಿನಾ ನೂರೈವತ್ತು." ಹೇಳುವಾಗ ಅವಳ ಕಣ್ಣು ತುಂಬಿತ್ತು. ತಕ್ಷಣ ಒರೆಸಿಕೊಂಡು, "ಎಲ್ಲರನ್ನೂ ಒಟ್ಟಿಗೆ ಬಾಗಿಲಿಗೆ ನುಗ್ಗಿಸಿದ್ರಲ್ಲ, ನೀವೇನು ಆಪರೇಟರೋ!" ಎಂದಳು. ಆ ಬೈಗುಳ ಅವನಿಗೆ ಬನ್ನಿಗಿಂತ ಸಿಹಿಯಾಗಿತ್ತು.

ಮರುದಿನ ಐವತ್ತಣ್ಣನಿಂದಲೇ ಹೊಸ ಪಟ್ಟಿ ಬಂತು: ಎಂಟಕ್ಕೆ ಪಂಪು, ಎಂಟೂ ಹತ್ತಕ್ಕೆ ಐಸು, ಇಪ್ಪತ್ತಕ್ಕೆ ಗಿರಣಿ, ಮನೆಗಳು ಬೀದಿ ಬೀದಿಯಾಗಿ, ಎಲ್ಲಕ್ಕಿಂತ ಕೊನೆಗೆ ಆಪರೇಟರನ ಮನೆಯ ಏಸಿ. ಸಂಜೆ ಮೀಟರು ಹದಿನಾಲ್ಕರಲ್ಲಿ ಕೂತಿತ್ತು. ಗೋಡೆಯ ಮೇಲೆ ಐವತ್ತಕ್ಕೆ ಕೂದಲೆಳೆಯಷ್ಟು ಕಮ್ಮಿ.

ಏಳೂ ನಲವತ್ತೊಂಬತ್ತಕ್ಕೆ ಫೋನ್ ಬಂತು.

"ಎಲ್ಲಾ ತಟ್ಟೆ ಥರಾನೇ ಕೊನೇದಕ್ಕೂ ಅರ್ಧ ಬೆಂದ ಮೇಲೆ ಓವನ್ ಆರಿಸಿದ್ದೀನಿ. ಇನ್ನು ಹನ್ನೊಂದು ನಿಮಿಷ ಕಾವಲ್ಲೇ ಬೇಯುತ್ತೆ. ಆರು ಕಿಲೋವ್ಯಾಟ್ ಉಳೀತು. ಬರ್ಕೊಳ್ಳಿ."

ಅವನ ಯಾವ ಮೀಟರಿಗೂ ಆರು ಕಿಲೋವ್ಯಾಟಿನಷ್ಟು ಸಣ್ಣದನ್ನು ಕಾಣುವ ಕಣ್ಣಿರಲಿಲ್ಲ. ಲಾಗ್ ಪುಸ್ತಕದಲ್ಲಿ ಅದಕ್ಕೆ ಕಾಲಮ್ಮೂ ಇರಲಿಲ್ಲ. ಐವತ್ತಣ್ಣ ಪೆನ್ನು ತೆಗೆದುಕೊಂಡು, ಅಂಚಿನಲ್ಲಿ ಜಾಗ ಮಾಡಿಕೊಂಡು ಬರೆದ: '7:49, ಮನೆಯಿಂದ, ಆರು.'